ನೋವು, ಕೆಂಪು ರಕ್ತ: ಪೈಲ್ಸಾ, ಫಿಶರಾ?

"ಡಾಕ್ಟ್ರೇ, ನನಗೆ 36 ವರ್ಷ. ಎರಡು ತಿಂಗಳಿಂದ ಟಾಯ್ಲೆಟ್‌ಗೆ ಹೋದಾಗ ಜೀವ ಹೋಗುವಂಥ ನೋವು. ಆಮೇಲೂ ಒಂದೆರಡು ಗಂಟೆ ಉರೀತಾ ಇರುತ್ತೆ. ಒರೆಸಿಕೊಂಡಾಗ ಕೆಂಪು ರಕ್ತ ಕಾಣುತ್ತೆ. ಹಿಂದುಗಡೆ ಒಂದು ಸಣ್ಣ ಗಂಟು ಕೈಗೆ ಸಿಗುತ್ತೆ. ಔಷಧಿ ಅಂಗಡಿಯಲ್ಲಿ ಪೈಲ್ಸ್ ಅಂತ ಹೇಳಿ ಕ್ರೀಮ್ ಕೊಟ್ಟರು. ಹಚ್ಚಿದಾಗ ಆರಾಮ ಅನ್ಸುತ್ತೆ, ಮಾರನೇ ದಿನ ಮತ್ತೆ ಅದೇ ಕಥೆ. ಇದು ಪೈಲ್ಸಾ, ಫಿಶರಾ? ಆಪರೇಷನ್ ಬೇಕೇ ಬೇಕಾ?"

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ರಕ್ತದ ಮಾತಲ್ಲ, ಗಂಟಿನ ಮಾತೂ ಅಲ್ಲ. "ಆಮೇಲೂ ಒಂದೆರಡು ಗಂಟೆ ಉರೀತಾ ಇರುತ್ತೆ" ಅಂತ ಬರೆದಿದ್ದೀರಲ್ಲ, ಆ ಒಂದು ವಾಕ್ಯ. ಅದನ್ನು ಓದಿದಾಗಲೇ ನನಗೆ ಇದು ಫಿಶರ್ ಇರಬೇಕು ಅನ್ನಿಸಿತು. ಫಿಶರ್ ಅಂದರೆ ಗುದದ ಬಾಯಿಯ ಚರ್ಮದಲ್ಲಿ ಆಗುವ ಸೀಳು. ನಿಮ್ಮನ್ನು ನೋಡದೆ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ಹೀಗೆ ಹೇಳಿಕೊಂಡು ಬರುವವರಲ್ಲಿ ನಾನು ಹೆಚ್ಚಾಗಿ ಕಾಣುವುದು ಸೀಳನ್ನೇ. ಕೈಗೆ ಸಿಗುವ ಗಂಟು ಕೂಡ ಬಹುಶಃ ಮೂಲವ್ಯಾಧಿಯ ಮೊಳೆಯಲ್ಲ, ಆ ಸೀಳಿನ ತುದಿಯಲ್ಲಿ ಬೆಳೆದ ಚರ್ಮ. ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದನ್ನು ನಿಧಾನವಾಗಿ ವಿವರಿಸುತ್ತೇನೆ. ಅದು ಗೊತ್ತಾದರೆ ನಿಮ್ಮ ನೋವನ್ನು ನೀವೇ ಓದಿಕೊಳ್ಳಬಹುದು.

ಗುದದ ನಾಳ ತುಂಬಾ ಚಿಕ್ಕದು, ಸುಮಾರು 4 ಸೆಂಟಿಮೀಟರ್. ಅದರ ನಡುವೆ, ಹೊರಬಾಯಿಯಿಂದ ಸುಮಾರು 2 ಸೆಂಟಿಮೀಟರ್ ಒಳಗೆ, ಒಂದು ಗೆರೆ ಇದೆ. ಆ ಗೆರೆಯ ಕೆಳಗಿನ ಭಾಗಕ್ಕೆ ಚರ್ಮದ ನರಗಳೇ ಬರುತ್ತವೆ. ಬೆರಳ ತುದಿಗೆ ಬ್ಲೇಡ್ ತಾಗಿದರೆ ಹೇಗೆ ಚುರ್ ಅನ್ನುತ್ತದೋ ಅಲ್ಲೂ ಹಾಗೆಯೇ. ಗೆರೆಯ ಮೇಲಿನ ಭಾಗ ಕರುಳಿನ ಒಳಪದರ. ಅಲ್ಲಿ ಒತ್ತಡ, ತುಂಬಿದ ಭಾವನೆ ತಿಳಿಯುತ್ತದೆ, ಕೊಯ್ದ ನೋವು ತಿಳಿಯುವುದಿಲ್ಲ. ಒಳಗಿನ ಪೈಲ್ಸ್ ಹುಟ್ಟುವುದು ಗೆರೆಯ ಮೇಲೆ. ಫಿಶರ್ ಆಗುವುದು ಗೆರೆಯ ಕೆಳಗೆ. ಎರಡರ ನಡುವಿನ ವ್ಯತ್ಯಾಸವೆಲ್ಲ ಈ ಒಂದು ಗೆರೆಯಿಂದಲೇ ಶುರು.

ಇದಕ್ಕೇ ಮಾಮೂಲಿ ಒಳ ಪೈಲ್ಸ್ ನೋಯುವುದಿಲ್ಲ. ಈ ಮಾತು ಹೇಳಿದಾಗ ತುಂಬಾ ಜನ ನಂಬುವುದೇ ಇಲ್ಲ. ಯಾಕೆಂದರೆ ಹಿಂಭಾಗದಲ್ಲಿ ನೋವು ಬಂದರೆ ಅದಕ್ಕೆ ನಾವು ಇಟ್ಟಿರುವ ಹೆಸರೇ ಪೈಲ್ಸ್. ನಾಚಿಕೆಯ ಜಾಗ ಬೇರೆ, ಬಾಯಿಬಿಟ್ಟು ವಿವರ ಹೇಳುವುದಕ್ಕಿಂತ "ಪೈಲ್ಸ್ ಇದೆ" ಅಂದುಬಿಡುವುದು ಸುಲಭ. ಕೇಳಿಸಿಕೊಂಡವರೂ ನೋಡುವ ಗೋಜಿಗೆ ಹೋಗದೆ ಪೈಲ್ಸ್ ಕ್ರೀಮ್ ಕೊಟ್ಟು ಕಳಿಸುತ್ತಾರೆ.

ಈಗ ಸೀಳಿನ ನೋವನ್ನೇ ನೋಡೋಣ. ಗಟ್ಟಿ ಮಲ ಹೊರಬರುವಾಗ ಚರ್ಮ ಅಗಲವಾಗಿ ಹಿಗ್ಗಬೇಕು. ಹಿಗ್ಗಲಾಗದ ಕಡೆ ಸೀಳುತ್ತದೆ. ಆ ಕ್ಷಣದ ನೋವನ್ನು ಜನ ಬೇರೆ ಬೇರೆ ರೀತಿ ಹೇಳುತ್ತಾರೆ. ಗಾಜಿನ ಚೂರು ಹೊರಬಂದಂತೆ, ಬ್ಲೇಡಿನಲ್ಲಿ ಗೀರಿದಂತೆ. ಇದು ಮೊದಲ ಹಂತ. ನಂತರ ಕೆಲವರಿಗೆ ಒಂದೆರಡು ನಿಮಿಷ ನೋವು ತಗ್ಗಿದಂತೆ ಅನಿಸುತ್ತದೆ. ಅದಾದ ಮೇಲೆ ಶುರುವಾಗುವುದು ಎರಡನೇ ಹಂತ. ಒಳಗೆ ಯಾರೋ ಹಿಂಡಿ ಹಿಡಿದಂತೆ ಬಿಗಿ, ಉರಿ, ಜಗ್ಗುವ ನೋವು. ಇದು ಕಾಲು ಗಂಟೆ ಇರಬಹುದು, ನಾಲ್ಕೈದು ಗಂಟೆಯೂ ಇರಬಹುದು. ಆಮೇಲೆ ತಾನಾಗಿ ಇಳಿಯುತ್ತದೆ. ಮುಂದಿನ ಸಲ ಟಾಯ್ಲೆಟ್‌ಗೆ ಹೋಗುವ ತನಕ ಮನುಷ್ಯ ಹೆಚ್ಚುಕಡಿಮೆ ಆರಾಮಾಗಿ ಇರುತ್ತಾನೆ.

ಎರಡನೇ ಹಂತದ ನೋವು ಗಾಯದ್ದಲ್ಲ, ಸ್ನಾಯುವಿನದು. ಗುದದ ಬಾಯಿಯ ಸುತ್ತ ಉಂಗುರದಂತೆ ಎರಡು ಸ್ನಾಯುಗಳಿವೆ. ಹೊರಗಿನದನ್ನು ನಾವೇ ಬಿಗಿಹಿಡಿಯಬಹುದು, ಸಡಿಲ ಬಿಡಬಹುದು. ಒಳಗಿನದು ನಮ್ಮ ಮಾತು ಕೇಳುವುದಿಲ್ಲ. ಹಗಲು ರಾತ್ರಿ ತಾನಾಗಿ ಬಿಗಿದುಕೊಂಡೇ ಇರುತ್ತದೆ. ಮೇಲಿನ ಚರ್ಮ ಸೀಳಿದಾಗ ಈ ಒಳಸ್ನಾಯು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗೆ ಬಿಗಿದಾಗ ಆ ಜಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಅದರಲ್ಲೂ ಬೆನ್ನಿನ ಕಡೆಯ ಮಧ್ಯಭಾಗಕ್ಕೆ ಮೊದಲೇ ರಕ್ತದ ಹರಿವು ಕಡಿಮೆ. ರಕ್ತ ಬಾರದ ಗಾಯ ಮಾಯುವುದಿಲ್ಲ. ಮಾಯದ ಗಾಯ ಸ್ನಾಯುವನ್ನು ಕೆರಳಿಸುತ್ತಲೇ ಇರುತ್ತದೆ. ಇದರ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ: ನೋವಿಗೆ ಹೆದರಿ ಟಾಯ್ಲೆಟ್‌ಗೆ ಹೋಗುವುದನ್ನೇ ಮುಂದೂಡುತ್ತೀರಿ. ಮಲ ಒಳಗೆ ಕೂತಷ್ಟೂ ನೀರು ಆರಿ ಗಟ್ಟಿಯಾಗುತ್ತದೆ. ಮಾರನೇ ದಿನ ಅದೇ ಜಾಗ ಮತ್ತೆ ಸೀಳುತ್ತದೆ. ಒಂದೇ ಒಂದು ಸಲದ ಮಲಬದ್ಧತೆಯಿಂದ ಹುಟ್ಟಿದ ಸೀಳು ತಿಂಗಳುಗಟ್ಟಲೆ ಉಳಿಯುವುದು ಹೀಗೆ. ಭೇದಿಯಿಂದ ಶುರುವಾದ ಸೀಳನ್ನೂ ನೋಡಿದ್ದೇನೆ. ದಿನಕ್ಕೆ ಎಂಟು ಹತ್ತು ಸಲ ಹೋದರೂ ಆ ಚರ್ಮ ಸವೆದು ಬಿರಿಯುತ್ತದೆ.

ಪೈಲ್ಸ್ ಹೀಗೆ ನಡೆದುಕೊಳ್ಳುವುದಿಲ್ಲ. ಗುದದ ಒಳಗೆ ಎಲ್ಲರಿಗೂ ಹುಟ್ಟಿನಿಂದಲೇ ರಕ್ತನಾಳಗಳಿಂದ ಕೂಡಿದ ಮೆತ್ತೆಗಳಿರುತ್ತವೆ. ಬಾಯಿ ಸರಿಯಾಗಿ ಮುಚ್ಚಿಕೊಳ್ಳಲು ಅವು ಬೇಕು. ವರ್ಷಗಟ್ಟಲೆ ತಿಣುಕಿ ತಿಣುಕಿ ಅವುಗಳ ಆಧಾರ ಸಡಿಲವಾಗಿ, ಮೆತ್ತೆ ಊದಿ ಕೆಳಗೆ ಜಾರಿದಾಗ ಅದಕ್ಕೆ ಪೈಲ್ಸ್ ಅನ್ನುತ್ತೇವೆ. ಮಲ ಉಜ್ಜಿದಾಗ ಮೇಲಿನ ತೆಳು ಪದರ ಹರಿದು ರಕ್ತ ಬರುತ್ತದೆ. ನೋವಿರುವುದಿಲ್ಲ. ಮಲ ಬಂದ ಮೇಲೆ ತೊಟ್ಟಿಕ್ಕುತ್ತದೆ. ಕೆಲವರಿಗೆ ಪಿಚಕಾರಿಯಂತೆ ಚಿಮ್ಮಿ ಕಮೋಡಿನ ಗೋಡೆಗೆ ಸಿಡಿಯುತ್ತದೆ. ನೋಡಿದವರು ಗಾಬರಿಯಾಗುತ್ತಾರೆ, ಆದರೆ ನೋವಾಯಿತಾ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಇನ್ನು ಕೆಲವರಿಗೆ ಟಾಯ್ಲೆಟ್‌ನಲ್ಲಿ ಮೆತ್ತಗಿನದೇನೋ ಹೊರಗೆ ಬಂದು, ಎದ್ದ ಮೇಲೆ ತಾನಾಗಿ ಒಳಗೆ ಹೋಗುತ್ತದೆ, ಇಲ್ಲವೇ ಬೆರಳಿನಿಂದ ತಳ್ಳಬೇಕಾಗುತ್ತದೆ. ಲೋಳೆಯಂಥ ಒದ್ದೆ, ತುರಿಕೆ, ಪೂರ್ತಿ ಹೋಗಿಲ್ಲ ಅನ್ನುವ ಭಾವನೆ, ಇವೆಲ್ಲ ಅದರ ಜೊತೆ ಬರುತ್ತವೆ.

ರಕ್ತದ ಬಣ್ಣ ನೋಡಿ ಇವೆರಡನ್ನೂ ಬೇರ್ಪಡಿಸಲು ಸಾಧ್ಯವಿಲ್ಲ. ಎರಡರಲ್ಲೂ ಅದು ಕಡುಕೆಂಪಲ್ಲ, ತಾಜಾ ಕೆಂಪು. ಪ್ರಮಾಣ ಮತ್ತು ಬರುವ ರೀತಿಯಲ್ಲಿ ಸ್ವಲ್ಪ ಸುಳಿವಿದೆ. ಸೀಳಿನಲ್ಲಿ ಒರೆಸಿದ ಪೇಪರಿನ ಮೇಲೆ ಒಂದು ಕಲೆ, ತೊಳೆಯುವಾಗ ಕೈಗೆ ಒಂದೆರಡು ಹನಿ, ಅಥವಾ ಮಲದ ಒಂದು ಪಕ್ಕದಲ್ಲಿ ಉದ್ದಕ್ಕೆ ಎಳೆದ ಕೆಂಪು ಗೆರೆ. ಸೀಳು ಒಂದೇ ಕಡೆ ಇರುವುದರಿಂದ ಗೆರೆಯೂ ಒಂದೇ ಕಡೆ. ಪೈಲ್ಸ್‌ನಲ್ಲಿ ಹನಿಗಟ್ಟಲೆ, ಕೆಲವೊಮ್ಮೆ ನೀರೆಲ್ಲ ಕೆಂಪಾಗುವಷ್ಟು. ಇಲ್ಲಿ ಒಂದು ವಿಷಯ ಗಮನಿಸಿ. ತಿಂಗಳುಗಟ್ಟಲೆ ಪೈಲ್ಸ್ ರಕ್ತ ಹೋದರೆ ಹಿಮೋಗ್ಲೋಬಿನ್ ಇಳಿಯಬಹುದು. ಸೀಳಿನಿಂದ ಹೋಗುವ ರಕ್ತ ಅಷ್ಟು ಸಾಲದು. ಸೀಳು ಮಾತ್ರ ಇದೆ ಅಂತ ಅಂದುಕೊಂಡವರಿಗೆ ರಕ್ತಹೀನತೆ ಕಂಡರೆ, ನಾನು ಸೀಳನ್ನು ಬಿಟ್ಟು ಬೇರೆ ಕಡೆ ಹುಡುಕಲು ಶುರುಮಾಡುತ್ತೇನೆ.

ನೋಯುವ ಪೈಲ್ಸ್ ಇಲ್ಲವೇ ಇಲ್ಲ ಅಂತಲ್ಲ. ಹೊರಗಿನ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿದರೆ ಭಯಂಕರವಾಗಿ ನೋಯುತ್ತದೆ. ಆದರೆ ಆ ನೋವಿನ ವೇಳಾಪಟ್ಟಿಯೇ ಬೇರೆ. ಭಾರ ಎತ್ತಿದ್ದಕ್ಕೋ, ಜಾಸ್ತಿ ತಿಣುಕಿದ್ದಕ್ಕೋ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆಯೋ ಕೆಲವೇ ಗಂಟೆಗಳಲ್ಲಿ ಗಟ್ಟಿ ಗಂಟೊಂದು ಮೂಡುತ್ತದೆ. ಬಣ್ಣ ನೀಲಿ ಅಥವಾ ನೇರಳೆ. ಕೂತರೂ ನೋವು, ನಿಂತರೂ ನೋವು, ನಡೆದರೂ ನೋವು. ಟಾಯ್ಲೆಟ್‌ಗೆ ಹೋದಾಗ ಮಾತ್ರ ಅಂತಿಲ್ಲ. ಮೊದಲ ಎರಡು ಮೂರು ದಿನ ಹೆಚ್ಚುತ್ತದೆ, ನಂತರ ದಿನದಿಂದ ದಿನಕ್ಕೆ ಇಳಿಯುತ್ತದೆ. ಹೆಪ್ಪು ಚರ್ಮ ಒಡೆದುಕೊಂಡು ಹೊರಬಂದರೆ ಕಪ್ಪು ಮಿಶ್ರಿತ ರಕ್ತ ಬರುತ್ತದೆ, ಆಗ ನೋವು ಕಡಿಮೆಯಾಗುತ್ತದೆ. ಶುರುವಾಗಿ 72 ಗಂಟೆಯೊಳಗೆ ಬಂದರೆ, ನೋವು ತಡೆಯಲಾರದಷ್ಟಿದ್ದರೆ, ಆ ಜಾಗವನ್ನಷ್ಟೇ ಮರಗಟ್ಟಿಸಿ ಗಂಟು ತೆಗೆದುಹಾಕಬಹುದು. ತಡವಾಗಿ ಬಂದವರಿಗೆ ಕತ್ತರಿಸುವುದರಿಂದ ಲಾಭ ಕಡಿಮೆ, ಅದು ತಾನಾಗಿ ಕರಗುತ್ತಾ ಇರುತ್ತದೆ. ನಿಮ್ಮದು ಎರಡು ತಿಂಗಳಿನ ನೋವು, ಟಾಯ್ಲೆಟ್‌ಗೆ ಹೋದಾಗಲೆಲ್ಲ ಮರಳಿ ಬರುವ ನೋವು. ಹಾಗಾಗಿ ಇದಲ್ಲ.

ಹೊರಗೆ ಜಾರಿದ ಒಳ ಪೈಲ್ಸ್ ವಾಪಸ್ಸು ಹೋಗದೆ ಸಿಕ್ಕಿಹಾಕಿಕೊಂಡು ಊದಿದರೂ ಜೋರು ನೋವು ಬರುತ್ತದೆ. ಅದು ಆಸ್ಪತ್ರೆಗೆ ಓಡುವ ಸ್ಥಿತಿ, ಅನುಮಾನಕ್ಕೆ ಎಡೆ ಇರುವುದಿಲ್ಲ. ಇನ್ನೊಂದು ನೋವು ಕೀವಿನದು. ಮಿಡಿಯುವ ನೋವು ಹಗಲೂ ರಾತ್ರಿಯೂ ಬಿಡದೆ ಹೆಚ್ಚುತ್ತಾ ಹೋದರೆ, ಜ್ವರ ಬಂದರೆ, ಒಂದು ಕಡೆ ಬಿಸಿಯಾಗಿ ಊದಿದ್ದರೆ ಅಲ್ಲಿ ಕೀವು ತುಂಬಿದೆ. ಅವತ್ತೇ ಸರ್ಜನ್ ಬಳಿ ಹೋಗಬೇಕು. ಅದನ್ನು ಕೊಯ್ದು ಹರಿಯಬಿಡಬೇಕು, ಮಾತ್ರೆ ನುಂಗಿಕೊಂಡು ಕಾಯುವಂಥದ್ದಲ್ಲ.

ಈಗ ನಿಮ್ಮ ಗಂಟಿಗೆ ಬರೋಣ. ಎಡವಟ್ಟು ಆಗುವುದು ಇಲ್ಲೇ. ಸೀಳು ಆರು ವಾರ ದಾಟಿದರೆ ಅದನ್ನು ಹಳೇ ಸೀಳು ಅನ್ನುತ್ತೇವೆ. ಆಗ ಅದರ ಹೊರತುದಿಯಲ್ಲಿ ಚರ್ಮ ಊದಿ, ದಪ್ಪವಾಗಿ, ಒಂದು ಸಣ್ಣ ತುಣುಕಾಗಿ ಜೋತುಬೀಳುತ್ತದೆ. ಸೀಳಿಗೆ ಕಾವಲು ನಿಂತ ಹಾಗೆ ಕಾಣುವುದರಿಂದ ವೈದ್ಯರು ಅದನ್ನು ಕಾವಲುಗಾರ ಅನ್ನುವ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ, ಸೆಂಟಿನೆಲ್ ಟ್ಯಾಗ್ ಅಂತ. ತೊಳೆಯುವಾಗ ಕೈಗೆ ಸಿಗುವುದು ಇದೇ. ಸೀಳು ಅದರ ಹಿಂದೆ ಅಡಗಿರುತ್ತದೆ, ಕೈಗೆ ಸಿಗುವುದಿಲ್ಲ, ಕನ್ನಡಿಯಲ್ಲೂ ಕಾಣದೇ ಹೋಗಬಹುದು. ಹಾಗಾಗಿ ಜನ ಗಂಟನ್ನು ಹಿಡಿದುಕೊಂಡು ಪೈಲ್ಸ್ ಅಂದುಕೊಳ್ಳುತ್ತಾರೆ. ಗಂಟನ್ನು ಮಾತ್ರ ನೋಡಿದ ವೈದ್ಯರೂ ಕೆಲವೊಮ್ಮೆ ಹಾಗೇ ಅಂದುಕೊಳ್ಳುತ್ತಾರೆ.

ಕಾವಲು ಚರ್ಮಕ್ಕೂ ಮೊಳೆಗೂ ಮುಟ್ಟಿದಾಗಲೇ ವ್ಯತ್ಯಾಸ ತಿಳಿಯುತ್ತದೆ. ಚರ್ಮದ ತುಣುಕು ಸುತ್ತಲಿನ ಚರ್ಮದ ಬಣ್ಣದ್ದೇ, ಒಣಗಿರುತ್ತದೆ, ಯಾವಾಗಲೂ ಹೊರಗೇ ಇರುತ್ತದೆ, ತಳ್ಳಿದರೆ ಒಳಗೆ ಹೋಗುವುದಿಲ್ಲ. ಅದನ್ನೇ ಹಿಡಿದರೆ ಅಷ್ಟೇನೂ ನೋಯುವುದಿಲ್ಲ, ಅದರ ಬುಡದ ಹತ್ತಿರ ಒಳಗಡೆ ಒತ್ತಿದರೆ ಹಾರಿಬೀಳುವಷ್ಟು ನೋಯುತ್ತದೆ. ಜಾರಿದ ಮೊಳೆ ಕೆಂಪಗೆ ಅಥವಾ ನೇರಳೆ ಬಣ್ಣಕ್ಕೆ, ಒದ್ದೆಯಾಗಿ, ಮೆತ್ತಗೆ ಇರುತ್ತದೆ, ಬರುತ್ತದೆ, ಹೋಗುತ್ತದೆ. ಜಾಗವೂ ಸುಳಿವು ಕೊಡುತ್ತದೆ. ಅಂಗಾತ ಮಲಗಿದವರ ಗುದವನ್ನು ಗಡಿಯಾರ ಅಂದುಕೊಳ್ಳಿ. ಮುಂದುಗಡೆ 12 ಗಂಟೆ, ಬೆನ್ನಿನ ಕಡೆ 6 ಗಂಟೆ. ಪೈಲ್ಸ್‌ನ ಮೆತ್ತೆಗಳು ಸಾಮಾನ್ಯವಾಗಿ 3, 7, 11 ಗಂಟೆಯ ಜಾಗದಲ್ಲಿ ಇರುತ್ತವೆ. ಸೀಳು ಬಹುಪಾಲು ಜನರಲ್ಲಿ 6 ಗಂಟೆಗೆ. ಹೆಂಗಸರಲ್ಲಿ, ಅದರಲ್ಲೂ ಹೆರಿಗೆಯಾದ ಮೇಲೆ, 12 ಗಂಟೆಗೂ ಆಗುತ್ತದೆ. ನಿಮ್ಮ ಗಂಟು "ಹಿಂದುಗಡೆ" ಅಂದಿರಿ. ಅದು ನಡು ಮಧ್ಯದಲ್ಲೇ ಇದೆಯಾ, ಪಕ್ಕಕ್ಕಾ, ಒಮ್ಮೆ ಗಮನಿಸಿ.

ಪಕ್ಕದಲ್ಲಿ, ಅಂದರೆ 3 ಅಥವಾ 9 ಗಂಟೆಯ ಕಡೆ ಸೀಳಿದ್ದರೆ, ಒಂದಕ್ಕಿಂತ ಹೆಚ್ಚು ಸೀಳಿದ್ದರೆ, ದೊಡ್ಡ ಸೀಳಿದ್ದೂ ನೋವೇ ಇಲ್ಲದಿದ್ದರೆ ನಾವು ಸುಮ್ಮನೆ ಬಿಡುವುದಿಲ್ಲ. ಕ್ರೋನ್ಸ್ ಅನ್ನುವ ಕರುಳಿನ ಉರಿಯೂತ, ಕ್ಷಯ, ಎಚ್‌ಐವಿ, ಸಿಫಿಲಿಸ್, ಅಪರೂಪಕ್ಕೆ ಕ್ಯಾನ್ಸರ್, ಇವು ಆ ವೇಷದಲ್ಲಿ ಬರುತ್ತವೆ.

ಒಬ್ಬರ ಕಥೆ ಹೇಳುತ್ತೇನೆ, ನಿಮ್ಮದಕ್ಕೆ ತುಂಬಾ ಹತ್ತಿರ ಇದೆ. ನಲವತ್ತು ದಾಟದ ಒಬ್ಬರು, ದಿನವೆಲ್ಲ ಕೂತು ಮಾಡುವ ಕೆಲಸ. ಎಂಟು ತಿಂಗಳಿಂದ ನೋವು. ಮೂರು ಬಗೆಯ ಪೈಲ್ಸ್ ಕ್ರೀಮ್ ಹಚ್ಚಿದ್ದರು. ಒಂದು ಕಡೆ ಪೈಲ್ಸ್‌ನ ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಅದು ಒಣಗಿ ಉದುರುವಂತೆ ಮಾಡುವ ಚಿಕಿತ್ಸೆಗೆ ದಿನವೂ ಗೊತ್ತಾಗಿತ್ತು. ಅದಕ್ಕೂ ಮೊದಲು ಇನ್ನೊಂದು ಅಭಿಪ್ರಾಯ ಕೇಳೋಣ ಅಂತ ನನ್ನ ಹತ್ತಿರ ಬಂದಿದ್ದರು. "ನೋವು ಎಷ್ಟಿದೆ?" ಅಂತ ನಾನು ಕೇಳಲಿಲ್ಲ. "ನಿನ್ನೆ ಬೆಳಿಗ್ಗೆ ಎಷ್ಟು ಗಂಟೆಗೆ ಟಾಯ್ಲೆಟ್‌ಗೆ ಹೋದಿರಿ, ನೋವು ಎಷ್ಟು ಗಂಟೆಗೆ ನಿಂತಿತು?" ಅಂತ ಕೇಳಿದೆ. ಏಳಕ್ಕೆ ಹೋಗಿದ್ದೆ, ಹತ್ತರ ತನಕ ಕುರ್ಚಿಯ ಮೇಲೆ ಸರಿಯಾಗಿ ಕೂರಲಾಗಲಿಲ್ಲ, ಹನ್ನೊಂದಕ್ಕೆ ಮರೆತೇಹೋಗಿತ್ತು ಅಂದರು. ರಾತ್ರಿ ನಿದ್ದೆಗೆ ತೊಂದರೆಯಿಲ್ಲ. ಮೂರು ದಿನಕ್ಕೊಮ್ಮೆ ಮಾತ್ರ ಹೋಗುತ್ತಿದ್ದರು, ಹೆದರಿಕೆಯಿಂದ. ರಕ್ತ ಪೇಪರಿನ ಮೇಲೆ ಮಾತ್ರ. ನೋಡುವ ಮುಂಚೆಯೇ ನನಗೆ ಉತ್ತರ ಸಿಕ್ಕಿತ್ತು.

ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲು ಎದೆಗೆ ತಂದು, ಪಿರ್ರೆಗಳನ್ನು ನಿಧಾನವಾಗಿ ಅಗಲಿಸಿದೆ. 6 ಗಂಟೆಗೆ ಚರ್ಮದ ತುಣುಕು. ಅದನ್ನು ಸ್ವಲ್ಪ ಕೆಳಗೆ ಸರಿಸಿದಾಗ ಹಿಂದೆ ಒಂದು ಸೆಂಟಿಮೀಟರಿನ ಸೀಳು. ಅಂಚು ದಪ್ಪ, ತಳದಲ್ಲಿ ಒಳಸ್ನಾಯುವಿನ ಬಿಳಿ ಎಳೆಗಳು ಕಾಣುತ್ತಿದ್ದವು. ಅಷ್ಟೇ ಸಾಕಿತ್ತು. ಅವತ್ತು ನಾನು ಬೆರಳು ಹಾಕಲಿಲ್ಲ, ಒಳಗೆ ನೋಡುವ ಕೊಳವೆಯನ್ನೂ ಹಾಕಲಿಲ್ಲ. ಇಷ್ಟು ನೋಯುವವರಿಗೆ ಬಲವಂತವಾಗಿ ಬೆರಳು ಹಾಕಿ ನೋಡುವುದು ಹಿಂಸೆ, ಅದರಿಂದ ಹೊಸದೇನೂ ತಿಳಿಯುವುದೂ ಇಲ್ಲ. ನಿಮಗೂ ಯಾರಾದರೂ ಹಾಗೆ ಮಾಡಲು ಬಂದರೆ "ಮೊದಲು ಅಗಲಿಸಿ ನೋಡಿ, ತುಂಬಾ ನೋಯುತ್ತದೆ" ಅಂತ ಹೇಳುವ ಹಕ್ಕು ನಿಮಗಿದೆ.

ರಬ್ಬರ್ ಬ್ಯಾಂಡ್ ರದ್ದುಮಾಡಿದೆವು. ಅದನ್ನು ಹಾಕಿದ್ದರೆ ಸೀಳು ಹಾಗೇ ಉಳಿಯುತ್ತಿತ್ತು, ನೋವು ಇನ್ನೂ ಹೆಚ್ಚುತ್ತಿತ್ತು. ಬದಲಿಗೆ ಎರಡು ಕೆಲಸ ಮಾಡಿದೆವು: ಮಲವನ್ನು ಮೆತ್ತಗೆ ಮಾಡುವುದು, ಸ್ನಾಯುವನ್ನು ಸಡಿಲಿಸುವುದು. ದಿನಕ್ಕೆ ಎರಡು ಸಲ ಒಂದೊಂದು ಚಮಚ ಇಸಬ್ಗೋಲ್, ಪ್ರತಿ ಸಲವೂ ದೊಡ್ಡ ಲೋಟ ತುಂಬಾ ನೀರಿನ ಜೊತೆ. ನೀರು ಕಡಿಮೆಯಾದರೆ ಇಸಬ್ಗೋಲ್ ಒಳಗೆ ಗಟ್ಟಿಯಾಗಿ ಕೂತು ತೊಂದರೆ ಕೊಡುತ್ತದೆ, ಹಾಗಾಗಿ ನೀರಿನ ವಿಷಯದಲ್ಲಿ ಜುಗ್ಗತನ ಬೇಡ. ಮೊದಲ ಎರಡು ವಾರ ರಾತ್ರಿ ಲ್ಯಾಕ್ಟುಲೋಸ್ ಸಿರಪ್. ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ, ಮತ್ತೆ ಸಂಜೆ, ಅಗಲ ಟಬ್ಬಿನಲ್ಲಿ ಬೆಚ್ಚಗಿನ ನೀರಿಗೆ ಕೂತು 10ರಿಂದ 15 ನಿಮಿಷ. ಉಪ್ಪು, ಡೆಟಾಲ್‌ನಂಥ ಔಷಧಿ ಏನೂ ಬೇಡ. ಬಿಸಿಗೆ ಸ್ನಾಯು ಸಡಿಲವಾಗುವುದೇ ಅಲ್ಲಿ ಕೆಲಸ ಮಾಡುವ ಸಂಗತಿ.

ಜೊತೆಗೆ ಡಿಲ್ಟಿಯಾಜೆಮ್ 2% ಕ್ರೀಮ್, ದಿನಕ್ಕೆ ಎರಡು ಸಲ. ಇದು ಪೈಲ್ಸ್ ಕ್ರೀಮ್ ಅಲ್ಲ. ಆ ಒಳಸ್ನಾಯುವನ್ನು ಸಡಿಲಿಸಿ ಸೀಳಿಗೆ ರಕ್ತ ಹರಿಯುವಂತೆ ಮಾಡುತ್ತದೆ. ಬಟಾಣಿ ಕಾಳಿನಷ್ಟು ತೆಗೆದುಕೊಂಡು ಗುದದ ಬಾಯಿಯ ಅಂಚಿಗೆ ಮತ್ತು ಸ್ವಲ್ಪವೇ ಒಳಗೆ ಹಚ್ಚಬೇಕು. ಹೊರಗಿನ ಗಂಟಿನ ಮೇಲೆ ಬಳಿದರೆ ಪ್ರಯೋಜನವಿಲ್ಲ. ಇದೇ ಕೆಲಸಕ್ಕೆ ನೈಟ್ರೊಗ್ಲಿಸರಿನ್ ಮುಲಾಮು, ನಿಫೆಡಿಪಿನ್ ಮುಲಾಮೂ ಇವೆ. ನೈಟ್ರೊಗ್ಲಿಸರಿನ್‌ನಿಂದ ಸಾಕಷ್ಟು ಜನರಿಗೆ ತಲೆನೋವು ಬರುತ್ತದೆ. ನಿಮಿರುವಿಕೆಯ ತೊಂದರೆಗೆ ಸಿಲ್ಡೆನಾಫಿಲ್‌ನಂಥ ಮಾತ್ರೆ ನುಂಗುವವರು ಅದನ್ನು ಹಚ್ಚಲೇಬಾರದು, ರಕ್ತದೊತ್ತಡ ಅಪಾಯಕ್ಕಿಳಿಯುತ್ತದೆ. ಬಸುರಿಯರು, ಹಾಲುಣಿಸುವವರು, ಹೃದಯಕ್ಕೆ ಅಥವಾ ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಇವು ಯಾವುದನ್ನೂ ಶುರುಮಾಡಬಾರದು.

ಎರಡನೇ ವಾರದ ಹೊತ್ತಿಗೆ ಅವರ ಮೂರು ಗಂಟೆಯ ನೋವು ಇಪ್ಪತ್ತು ನಿಮಿಷಕ್ಕೆ ಇಳಿದಿತ್ತು. ನಾಲ್ಕನೇ ವಾರಕ್ಕೆ ನೋವಿರಲಿಲ್ಲ, ಕ್ರೀಮ್ ಬಿಟ್ಟುಬಿಟ್ಟರು. ಐದನೇ ವಾರ ಮತ್ತೆ ಸೀಳಿತು. ಇದು ನಾನು ಪದೇ ಪದೇ ನೋಡುವ ತಪ್ಪು, ಅದಕ್ಕೇ ಬರೆಯುತ್ತಿದ್ದೇನೆ. ನೋವು ಹೋಗುವುದು ಮೊದಲು, ಗಾಯ ಮಾಯುವುದು ಆಮೇಲೆ. ಕ್ರೀಮ್ ಪೂರ್ತಿ 6ರಿಂದ 8 ವಾರ ಹಚ್ಚಬೇಕು. ಮತ್ತೆ ಶುರುಮಾಡಿ ಎಂಟು ವಾರ ಮುಗಿಸಿದರು. ಸೀಳು ಮುಚ್ಚಿಕೊಂಡಿತು. ಚರ್ಮದ ತುಣುಕು ಹಾಗೇ ಉಳಿಯಿತು. ಅದು ಉಳಿಯುವಂಥದ್ದೇ, ತೊಳೆಯಲು ತೊಂದರೆಯಾಗದಿದ್ದರೆ ತೆಗೆಯಬೇಕಾಗಿಲ್ಲ. ನೋವಿಲ್ಲದ ಆ ದಿನ ಸಣ್ಣ ಕೊಳವೆ ಹಾಕಿ ಒಳಗೆ ನೋಡಿದೆ. ಎರಡು ಕಡೆ ಚಿಕ್ಕ ಪೈಲ್ಸ್ ಇದ್ದವು. ಹೌದು, ಎರಡೂ ಒಟ್ಟಿಗೆ ಇರಬಹುದು, ಎರಡಕ್ಕೂ ಮೂಲ ಗಟ್ಟಿ ಮಲವೇ ಅಲ್ವಾ. ಆದರೆ ಅವರನ್ನು ಎಂಟು ತಿಂಗಳು ಕಾಡಿದ್ದು ಆ ಪೈಲ್ಸ್ ಅಲ್ಲ. ಅವಕ್ಕೆ ಏನೂ ಮಾಡಲಿಲ್ಲ.

ನೀವು ಹಚ್ಚುತ್ತಿರುವ ಕ್ರೀಮ್‌ನಿಂದ ಸ್ವಲ್ಪ ಹೊತ್ತು ಆರಾಮ ಸಿಗುವುದಕ್ಕೂ ಕಾರಣವಿದೆ. ಪೈಲ್ಸ್ ಕ್ರೀಮ್‌ಗಳಲ್ಲಿ ಸಾಮಾನ್ಯವಾಗಿ ಮರಗಟ್ಟಿಸುವ ಔಷಧಿ ಇರುತ್ತದೆ, ಹಲವದರಲ್ಲಿ ಸ್ಟೆರಾಯ್ಡ್ ಕೂಡ ಇರುತ್ತದೆ. ಮರಗಟ್ಟಿದಾಗ ಉರಿ ತಿಳಿಯುವುದಿಲ್ಲ, ಆದರೆ ಸ್ನಾಯುವಿನ ಬಿಗಿ ಹಾಗೇ ಇರುತ್ತದೆ. ಸ್ಟೆರಾಯ್ಡ್ ಒಂದು ವಾರಕ್ಕಿಂತ ಜಾಸ್ತಿ ಹಚ್ಚಿದರೆ ಅಲ್ಲಿಯ ಚರ್ಮ ತೆಳುವಾಗುತ್ತದೆ, ತೆಳುವಾದ ಚರ್ಮ ಇನ್ನೂ ಸುಲಭವಾಗಿ ಸೀಳುತ್ತದೆ. ಟ್ಯೂಬಿನ ಮೇಲೆ ಹೈಡ್ರೊಕಾರ್ಟಿಸೋನ್, ಬೆಕ್ಲೊಮೆಥಾಸೋನ್, ಫ್ಲೂಸಿನೊಲೋನ್ ಇಂಥ ಹೆಸರಿದ್ದರೆ ಅದು ಸ್ಟೆರಾಯ್ಡ್. ಎರಡು ತಿಂಗಳಿಂದ ಅದನ್ನೇ ಹಚ್ಚುತ್ತಿದ್ದರೆ ಇವತ್ತೇ ನಿಲ್ಲಿಸಿ.

ಆಪರೇಷನ್ ಬೇಕಾ ಅಂತ ಕೇಳಿದ್ದೀರಿ. ಹೊಸ ಸೀಳುಗಳು ಬಹುಪಾಲು ಮೆತ್ತಗಿನ ಮಲ, ಬೆಚ್ಚಗಿನ ನೀರು ಇಷ್ಟರಿಂದಲೇ ಮಾಯುತ್ತವೆ. ನಿಮ್ಮದು ಎರಡು ತಿಂಗಳಿನದು, ಹಾಗಾಗಿ ಸ್ನಾಯು ಸಡಿಲಿಸುವ ಕ್ರೀಮ್ ಬೇಕಾಗಬಹುದು. ಎಂಟು ವಾರ ಸರಿಯಾಗಿ ಹಚ್ಚಿಯೂ ಮಾಯದಿದ್ದರೆ ಮಾತ್ರ ಮುಂದಿನ ಮಾತು. ಆಗ ಒಳಸ್ನಾಯುವಿಗೆ ಬೊಟಾಕ್ಸ್ ಇಂಜೆಕ್ಷನ್ ಕೊಡಬಹುದು, ಅದರ ಪರಿಣಾಮ ಎರಡು ಮೂರು ತಿಂಗಳಿರುತ್ತದೆ, ಅಷ್ಟರಲ್ಲಿ ಗಾಯ ಮಾಯಬೇಕು. ಅದೂ ಸಾಲದಿದ್ದರೆ ಒಳಸ್ನಾಯುವಿನ ಕೆಳತುದಿಯನ್ನು ಪಕ್ಕದಿಂದ ಸ್ವಲ್ಪ ಕತ್ತರಿಸುವ ಚಿಕ್ಕ ಶಸ್ತ್ರಚಿಕಿತ್ಸೆ ಇದೆ. ಹತ್ತರಲ್ಲಿ ಒಂಬತ್ತು ಜನರಿಗಿಂತ ಜಾಸ್ತಿ ಮಂದಿಗೆ ಗುಣವಾಗುತ್ತದೆ. ಕೆಲವರಿಗೆ ನಂತರ ಗಾಳಿ ಅಥವಾ ತೆಳು ಮಲದ ಮೇಲಿನ ಹಿಡಿತ ಸ್ವಲ್ಪ ತಪ್ಪಬಹುದು. ಇದನ್ನು ಮೊದಲೇ ನಿಮ್ಮ ಸರ್ಜನ್ ಜೊತೆ ಬಾಯಿಬಿಟ್ಟು ಮಾತಾಡಬೇಕು. ಹೆರಿಗೆಯಲ್ಲಿ ಸ್ನಾಯುವಿಗೆ ಪೆಟ್ಟಾಗಿರುವ ಹೆಂಗಸರಲ್ಲಿ ನಾವು ಇದಕ್ಕೆ ಬೇಗ ಕೈಹಾಕುವುದಿಲ್ಲ.

ನಿಮ್ಮ ವಯಸ್ಸು 36, ಲಕ್ಷಣ ಸೀಳಿಗೆ ಸರಿಯಾಗಿ ಹೊಂದುತ್ತದೆ. ಆದರೂ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಕೆಂಪು ರಕ್ತ ಅಂದಮಾತ್ರಕ್ಕೆ ಅಪಾಯವಿಲ್ಲ ಅಂತ ಅರ್ಥವಲ್ಲ. ಗುದಕ್ಕೆ ಹತ್ತಿರದ ಕರುಳಿನ ಗಡ್ಡೆಯಿಂದಲೂ ತಾಜಾ ಕೆಂಪು ರಕ್ತವೇ ಬರುತ್ತದೆ. ರಕ್ತ ಮಲದ ಜೊತೆ ಕಲೆತು ಬರುತ್ತಿದ್ದರೆ, ಕಡುಗಪ್ಪಾಗಿದ್ದರೆ, ಲೋಳೆಯ ಜೊತೆ ಬರುತ್ತಿದ್ದರೆ ಸುಮ್ನೆ ಕೂರಬೇಡಿ. ಟಾಯ್ಲೆಟ್‌ಗೆ ಹೋಗುವ ರೀತಿಯೇ ಕೆಲವು ವಾರಗಳಿಂದ ಬದಲಾಗಿದ್ದರೆ, ಹೋಗಿ ಬಂದರೂ ಮತ್ತೆ ಮತ್ತೆ ಹೋಗಬೇಕು ಅನಿಸುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಆಯಾಸವಾಗುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದರೆ ವೈದ್ಯರಿಗೆ ಮೊದಲ ಭೇಟಿಯಲ್ಲೇ ಹೇಳಿ. 45 ದಾಟಿದವರಿಗೆ ಹೊಸದಾಗಿ ರಕ್ತ ಶುರುವಾದರೆ, ಪೈಲ್ಸ್ ಕಣ್ಣಿಗೆ ಕಂಡರೂ ಸರಿ, ನಾನು ಕರುಳಿನ ಒಳಗೂ ನೋಡಿಸುತ್ತೇನೆ. ಪೈಲ್ಸ್ ತುಂಬಾ ಜನರಲ್ಲಿ ಇರುತ್ತದೆ. ಅದು ಇದೆ ಅನ್ನುವ ಕಾರಣಕ್ಕೆ ರಕ್ತ ಅದರಿಂದಲೇ ಬಂತು ಅಂತ ಅಲ್ಲಿಗೇ ನಿಲ್ಲಿಸಿಬಿಡುವುದು ದೊಡ್ಡ ತಪ್ಪು.

ನೀವು ಈಗ ಮಾಡಬೇಕಾದದ್ದು ಇಷ್ಟು. ಸರ್ಜನ್ ಹತ್ತಿರ ಹೋಗುವ ತನಕ ಇಸಬ್ಗೋಲ್, ನೀರು, ತರಕಾರಿ ಮತ್ತು ತೌಡು ತೆಗೆಯದ ಧಾನ್ಯ, ಬೆಚ್ಚಗಿನ ನೀರಿನ ಟಬ್ಬು ಶುರುಮಾಡಿ. ಬಂದಾಗ ತಡೆಹಿಡಿಯಬೇಡಿ. ಕೂತ ಮೇಲೆ ಐದು ನಿಮಿಷದೊಳಗೆ ಎದ್ದುಬಿಡಿ, ಫೋನ್ ಹೊರಗೇ ಇರಲಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕೊಡೀನ್, ಟ್ರಮಡಾಲ್ ಇರುವ ಮಾತ್ರೆ ಬೇಡ, ಅವು ಮಲವನ್ನು ಗಟ್ಟಿಮಾಡುತ್ತವೆ. ಒಂದು ವಾರ ಚೀಟಿಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಹೋದಿರಿ, ನೋವು ಎಷ್ಟು ಗಂಟೆಗೆ ನಿಂತಿತು, ರಕ್ತ ಪೇಪರಿನ ಮೇಲಾ, ತೊಟ್ಟಿಕ್ಕಿತಾ, ಮಲಕ್ಕೆ ಕಲೆತಿತ್ತಾ. ಆ ಚೀಟಿ ತೆಗೆದುಕೊಂಡು ಹೋಗಿ, ಟ್ಯೂಬನ್ನೂ ಜೊತೆಗೆ ಒಯ್ಯಿರಿ. "ಪೈಲ್ಸ್ ಆಗಿದೆ" ಅಂತ ಮಾತು ಶುರುಮಾಡಬೇಡಿ. ಚೀಟಿಯಲ್ಲಿ ಇದ್ದದ್ದನ್ನು ಓದಿ ಹೇಳಿ, ಆಮೇಲೆ ಅವರು ನೋಡಲಿ.